ಒತ್ತು ಕಳೆದುಕೊಂಡ ಊರುಗಳು

ಕಾಪು ಪೇಟೆಯ ಬಸ್ ನಿಲ್ದಾಣದಲ್ಲಿ, ಮಧ್ಯಾಹ್ನ ಎರಡರ ಬಿಸಿಲಿಗೆ ಮುಖವೊಡ್ಡಿ, ಪಡುಬಿದ್ರಿಯ ಕಡೆಗೆ ಹೋಗುವ ಬಸ್ಸಿಗಾಗಿ ಕಾಯುತ್ತಿದ್ದ ಹಿರಿಯರೊಬ್ಬರ ಕೈಗೆ ನನ್ನ ಫೋನನ್ನು ಕೊಟ್ಟು, ನಾವು ಸಿದ್ಧಪಡಿಸುತ್ತಿದ್ದ ಬಸ್ ವೇಳಾಪಟ್ಟಿಯ ಪರದೆಯನ್ನು ಒಮ್ಮೆ ಓದಿ ಹೇಳಬೇಕೆಂದು ವಿನಂತಿಸಿಕೊಂಡಾಗ, ಅವರು ಕನ್ನಡಕವನ್ನು ಸರಿಪಡಿಸಿಕೊಂಡು, ಫೋನನ್ನು ತುಸು ದೂರದಲ್ಲಿ ಹಿಡಿದು, ಊರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತ ಬಂದು, ಮೂರನೆಯ ಸಾಲಿನಲ್ಲಿ ತಟಕ್ಕನೆ ನಿಂತರು. “ಇದೆಂತ, ಉಚಿಲ? ನಮ್ಮ ಉಚ್ಚಿಲವೇ ಅಲ್ವಾ ಇದು?” ಎಂದರು. ಅನಂತರ ಪರದೆಯನ್ನು ಬೆರಳಿನಿಂದ ಉಜ್ಜಿದರು, ಚಕಾರದ ಅಡಿಯಲ್ಲಿ ಏನೋ ಧೂಳು ಅಂಟಿಕೊಂಡಿದೆ ಎಂಬ ಭಾವನೆಯಿಂದ.

ಅದು ಧೂಳಾಗಿರಲಿಲ್ಲ, ಅರ್ಧಕ್ಕೆ ಕತ್ತರಿಸಿಹೋದ ಒತ್ತಕ್ಷರದ ತಲೆಯಾಗಿತ್ತು. ಆ ಪರದೆಯನ್ನು ಕಾಗದದ ಮೇಲೆ ಕಲ್ಪಿಸಿ, ಕಂಪ್ಯೂಟರಿನಲ್ಲಿ ಚಿತ್ರಿಸಿ, ಮೇಲಿನವರ ಒಪ್ಪಿಗೆಯನ್ನು ಪಡೆದವನು ನಾನು. ಅದನ್ನು ನಡೆದಾಡುವ ವಸ್ತುವಾಗಿ ಕಟ್ಟಿದವನು ಕಾರ್ಕಳದ ತನ್ನ ಮನೆಯಿಂದಲೇ ಕೆಲಸ ಮಾಡುವ ಒಬ್ಬ ತರುಣ ಡೆವಲಪರ್. ಒಪ್ಪಿಗೆಯಾದ ಚಿತ್ರಕ್ಕೂ ಕಟ್ಟಿದ ಪರದೆಗೂ ನಡುವೆ ಅಂತರ ಬೀಳುವುದು ಈ ಉದ್ಯೋಗದಲ್ಲಿ ನಿತ್ಯದ ಸಂಗತಿ. ಬಿದ್ದ ಅಂತರವನ್ನು ಕುರಿತು ಡಿಸೈನರ್ ಆದವನು ಡೆವಲಪರನಿಗೆ ಬರೆಯುವ ಉತ್ತರವು, ಹತ್ತು ಸಾಲಿನದೇ ಆಗಿದ್ದರೂ, ಆ ಉದ್ಯೋಗದ ಅತ್ಯಂತ ಕಷ್ಟದ ಬರವಣಿಗೆ. ನಾನು ಮೊದಲು ಬರೆದದ್ದು ಕೆಟ್ಟ ಉತ್ತರ. ಅದನ್ನು ಮುಚ್ಚಿಡದೆ ಇಲ್ಲಿ ಕೊಡುತ್ತೇನೆ: “ಪಟ್ಟಿಯ ಪರದೆ ಒಪ್ಪಿಗೆಯಾದ ವಿನ್ಯಾಸದಂತೆ ಬಂದಿಲ್ಲ. ದಯವಿಟ್ಟು ಹೋಲಿಸಿ ನೋಡಿ ಸರಿಪಡಿಸಿ.”

ಮಣಿಪಾಲಕ್ಕೆ ಹಿಂದಿರುಗುವ ದಾರಿಯಲ್ಲಿ, ಬಸ್ಸಿನಲ್ಲಿ ನಿಂತುಕೊಂಡೇ, ಬಿಸಿಲೂ ಸಂಕೋಚವೂ ಒಟ್ಟಿಗೆ ತಲೆಗೇರಿದ್ದಾಗ ಬರೆದ ವಾಕ್ಯಗಳಿವು. ಇವುಗಳಲ್ಲಿ ಅಸತ್ಯವೇನೂ ಇಲ್ಲ, ಆದರೆ ಓದಿದವನು ಕೈಹಚ್ಚಬಹುದಾದದ್ದೂ ಏನೂ ಇಲ್ಲ. ಹತ್ತು ನಿಮಿಷಗಳಲ್ಲಿ ಅವನ ಮರುಮಾತು ಬಂತು: “ಯಾವುದು ಸರ್? ನನ್ನ ಫೋನಿನಲ್ಲಿ ಸರಿ ಉಂಟಲ್ಲ.” ಜೊತೆಗೆ ಪರದೆಯ ಚಿತ್ರವನ್ನೂ ಕಳುಹಿಸಿದ್ದ. ನೋಡಿದರೆ, ನಿಜವಾಗಿಯೂ ಸರಿಯಾಗಿಯೇ ಇತ್ತು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ನಾಲ್ಕು ಸಾಲುಗಳು, ಒಂದು ರೋಮವೂ ಕೊಂಕದಂತೆ, ನಾನು ಬರೆದುಕೊಟ್ಟ ಚಿತ್ರದಲ್ಲಿದ್ದ ಹಾಗೆಯೇ ಕುಳಿತಿದ್ದವು.

ಈ ನಾಲ್ಕು ಹೆಸರುಗಳನ್ನು ಓದುಗರು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು. ಉಡುಪಿಯಲ್ಲಿ ಕೊಂಬು ಬಲಕ್ಕೆ ಹೋಗುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಮಣಿಪಾಲದಲ್ಲಿ ಯಾವ ಅಕ್ಷರವೂ ಗೆರೆಯ ಕೆಳಗೆ ಇಳಿಯುವುದಿಲ್ಲ. ಕಾಪುವಿನದೂ ಅದೇ ಕಥೆ. ಕಾರ್ಕಳದಲ್ಲಿ ಸಂಯುಕ್ತಾಕ್ಷರವೇನೋ ಇದೆ, ಆದರೆ ಅಲ್ಲಿ ರಕಾರವು ಅರ್ಕಾವೊತ್ತಾಗಿ ಕಕಾರದ ಬಲಮಗ್ಗುಲಿಗೆ ನಿಂತುಬಿಡುವುದರಿಂದ, ಅಡಿಗೆ ಇಳಿಯುವ ಪ್ರಮೇಯವೇ ಇಲ್ಲ. ಹೀಗೆ ನಮ್ಮ ಜಿಲ್ಲೆಯ ನಾಲ್ಕು ಸುಪ್ರಸಿದ್ಧ ಸ್ಥಳಗಳಲ್ಲಿ ಒಂದಕ್ಕಾದರೂ ಅಡಿಯೊತ್ತು ಇಲ್ಲವೆಂಬ ಸಣ್ಣ ಸಂಗತಿಯು, ಹುಟ್ಟಿದಂದಿನಿಂದ ಆ ಹೆಸರುಗಳನ್ನು ಬರೆಯುತ್ತ ಬಂದ ನನಗೆ, ಆ ದಿನದವರೆಗೂ ಹೊಳೆದಿರಲಿಲ್ಲ. ಆದರೆ ಹೆದ್ದಾರಿಯಲ್ಲಿ ಕಾಪುವಿನಿಂದ ದಕ್ಷಿಣಕ್ಕೆ ಹೊರಟರೆ ಉಚ್ಚಿಲ, ಪಡುಬಿದ್ರಿ. ಉಡುಪಿಯಿಂದ ಉತ್ತರಕ್ಕೆ ಹೋದರೆ ಬ್ರಹ್ಮಾವರ. ಕಾರ್ಕಳದಿಂದ ಮಣಿಪಾಲಕ್ಕೆ ಬರುವ ದಾರಿಯಲ್ಲಿ ಹಿರಿಯಡ್ಕ: ಒತ್ತುಗಳೆಲ್ಲ ಇಲ್ಲಿ ಕಾದು ಕುಳಿತಿವೆ. ನನ್ನ ಚಿತ್ರದಲ್ಲಿ ಮಾದರಿಗೆಂದು ದೊಡ್ಡ ಊರುಗಳನ್ನಷ್ಟೇ ಬರೆದು, ಸಣ್ಣ ಊರುಗಳ ಮುಖವನ್ನೇ ತೋರಿಸದೆ ಡೆವಲಪರನಿಗೆ ಒಪ್ಪಿಸಿದವನು ನಾನೇ. ಅವನು ತೋರಿಸಿದ್ದನ್ನು ಕಟ್ಟಿದ್ದ.

ಆದರೆ ತೋರಿಸಿದ್ದು ಮಾತ್ರವಲ್ಲ, ಬರೆದುಕೊಟ್ಟದ್ದೂ ಇತ್ತು. ನನ್ನ ವಿನ್ಯಾಸದಲ್ಲಿ ಊರಿನ ಹೆಸರಿನ ಅಕ್ಷರದ ಗಾತ್ರ 20, ಸಾಲಿನ ಎತ್ತರ 32, ಮೇಲೆ ಹನ್ನೆರಡು ಕೆಳಗೆ ಹನ್ನೆರಡು ಬಿಡುವು ಸೇರಿ ಒಂದು ಸಾಲಿಗೆ ಒಟ್ಟು 56 ಪಿಕ್ಸೆಲ್ ಎಂದು ನಮೂದಿಸಿತ್ತು. ಕಟ್ಟಿದ ಪರದೆಯಲ್ಲಿ ಸಾಲು 56ರದ್ದೇ ಆಗಿತ್ತು, ಅಕ್ಷರವೂ 20ರದ್ದೇ. ಸಾಲಿನ ಎತ್ತರ ಮಾತ್ರ 32ರಿಂದ 20ಕ್ಕೆ ಇಳಿದಿತ್ತು. ಹೊರಗಿನ ಅಳತೆ ತಪ್ಪದೆ ಒಳಗಿನ ಅಳತೆ ತಪ್ಪಿದಾಗ ಕಣ್ಣಿಗೆ ಅದು ಕಾಣಿಸುವುದಿಲ್ಲ. ಕಟ್ಟಿದ ಪರದೆಯ ಚಿತ್ರವನ್ನು ವಿನ್ಯಾಸದ ಚಿತ್ರದ ಮೇಲೆ ಅರೆಪಾರದರ್ಶಕವಾಗಿ ಹೊದಿಸಿ ನೋಡುವ ಒಂದು ಪದ್ಧತಿ ನಮ್ಮಲ್ಲಿದೆ; ಎರಡೂ ಒಂದೇ ಅಗಲದವಾಗಿರಬೇಕು, ಎರಡರಲ್ಲಿಯೂ ಒಂದೇ ಹೆಸರುಗಳಿರಬೇಕು, ಫೋನಿನಲ್ಲಿ ಅಕ್ಷರವನ್ನು ಹಿಗ್ಗಿಸಿರಬಾರದು. ನಾನು ಆ ಪರೀಕ್ಷೆಯನ್ನೂ ಮಾಡಿದ್ದೆ. ಅದೇ ನಾಲ್ಕು ಹೆಸರುಗಳಿಂದ ಮಾಡಿದ್ದರಿಂದ ಅಲ್ಲಿಯೂ ಎಲ್ಲವೂ ಕೂಡಿಬಂದಿತ್ತು.

ಇನ್ನು ಕತ್ತರಿಸಿದವರಾರು ಎಂಬ ಪ್ರಶ್ನೆ. ಬ್ರೌಸರಿನಲ್ಲಿ ಆ ಸಾಲನ್ನು ತೆರೆದು ನೋಡಿದಾಗ ಕಂಡದ್ದು ಇದು:

```css
.stop-name {
  font-size: 20px;
  line-height: 1;
  white-space: nowrap;
  overflow: hidden;
  text-overflow: ellipsis;
}
```

ಕೊನೆಯ ಮೂರು ಸಾಲುಗಳು, ಉದ್ದನೆಯ ಹೆಸರು ಅಗಲಕ್ಕೆ ಹಿಡಿಸದಿದ್ದಾಗ ಅದನ್ನು ಮುರಿದು ಕೆಳಗಿಳಿಸದೆ, ತುದಿಯಲ್ಲಿ ಮೂರು ಚುಕ್ಕೆಗಳನ್ನಿಟ್ಟು ನಿಲ್ಲಿಸುವುದಕ್ಕಾಗಿ ಬರೆದವು; ಅದು ನನ್ನ ವಿನ್ಯಾಸದಲ್ಲಿಯೇ ಇದ್ದ ಅಪೇಕ್ಷೆ. ಚುಕ್ಕೆಗಳು ಬರಬೇಕಾದರೆ `overflow: hidden` ಬೇಕೇಬೇಕು. ಆದರೆ ಅದು ಬಲಕ್ಕೆ ಹೊರಚಾಚಿದ್ದನ್ನು ಮಾತ್ರ ಮರೆಮಾಡದೆ, ಪೆಟ್ಟಿಗೆಯ ನಾಲ್ಕೂ ಅಂಚುಗಳಾಚೆ ಏನು ಚಾಚಿದರೂ ನಿರ್ದಾಕ್ಷಿಣ್ಯವಾಗಿ ಕೊಯ್ಯುತ್ತದೆ. `line-height: 1` ಎಂದೊಡನೆ ಪೆಟ್ಟಿಗೆಯ ಎತ್ತರ ಅಕ್ಷರದ ಗಾತ್ರದಷ್ಟೇ, ಅಂದರೆ 20 ಪಿಕ್ಸೆಲ್, ಆಗುತ್ತದೆ. ರೋಮನ್ ಲಿಪಿಗೆ ಇಷ್ಟು ಜಾಗ ಹೇಗೋ ಸಾಲುತ್ತದೆ. ಅಲ್ಲಿ ಗೆರೆಯಿಂದ ಕೆಳಗಿಳಿಯುವುದೆಂದರೆ ಕೆಲವೇ ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಗೆರೆಯ ಕೆಳಗೆ ಮತ್ತೊಂದು ವ್ಯಂಜನವೇ ತನ್ನ ಕೈಕಾಲುಗಳೊಡನೆ ನಿಲ್ಲಬೇಕು. ‘ರಾಷ್ಟ್ರೀಯ’ ಎಂಬಲ್ಲಿ ಎರಡು ನಿಲ್ಲಬೇಕು. ಎಷ್ಟು ಭಾಗ ಕೊಯ್ದುಹೋಗುವುದೆಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ನಮ್ಮದರಲ್ಲಿ ಒತ್ತಿನ ಕೆಳಭಾಗ ಹೋಗಿ, ಮೇಲಿನ ಒಂದು ಗೀಟು ಉಳಿದಿತ್ತು; ಕಾಪುವಿನ ಹಿರಿಯರು ಉಜ್ಜಿದ್ದು ಅದನ್ನೇ.

ಅಚ್ಚುಮೊಳೆಗಳ ಕಾಲದವರಿಗೆ ಈ ತೊಂದರೆ ಹೊಸದಲ್ಲ. ಮೊಳೆ ಜೋಡಿಸುವವರು ಸಾಲು ಸಾಲಿನ ನಡುವೆ ಸೀಸದ ತೆಳುಪಟ್ಟಿಗಳನ್ನಿಟ್ಟು ಒತ್ತಿಗೆ ಉಸಿರಾಡುವ ಜಾಗ ಮಾಡಿಕೊಡುತ್ತಿದ್ದರು; ಸಾಲಿನ ಅಂತರಕ್ಕೆ ಇಂಗ್ಲಿಷಿನಲ್ಲಿ ‘ಲೆಡಿಂಗ್’ ಎಂಬ ಹೆಸರು ಇಂದಿಗೂ ಉಳಿದಿರುವುದು ಆ ಸೀಸದಿಂದಲೇ. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನದಾಗಿದ್ದುದರಿಂದ, ಬರೆಯುವ ಕೈಯೇ ಒತ್ತಿಗೆ ಬೇಕಾದಷ್ಟು ಸ್ಥಳವನ್ನು ಬಿಟ್ಟುಕೊಳ್ಳುತ್ತಿತ್ತೆಂದು ಊಹಿಸಿದರೆ ತಪ್ಪಾಗದು. ಪರದೆಯ ಮೇಲೆ ಆ ಕೈ ಇಲ್ಲ; ಅಂಕೆಯೊಂದನ್ನು ಬರೆದು ಹೇಳಬೇಕು.

ಈ ದೋಷದಲ್ಲಿ ಇನ್ನೊಂದು ಮೋಸವಿದೆ, ಮತ್ತು ಡೆವಲಪರನ ಪರವಾಗಿ ಅದನ್ನು ಹೇಳಲೇಬೇಕು. ಮಣಿಪಾಲದವರೇ ಆಗಿ ನಮಗೆಲ್ಲ ಪರಿಚಿತರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ ‘ಚ್ಚ’ ಎಂದು ಮೂಡಿಸಬೇಕಾದರೆ `cfc` ಎಂದು ಮೂರು ಕೀಲಿಗಳನ್ನು ಒತ್ತುತ್ತೇವೆ: ಚಕಾರ, ಒತ್ತು ಕೊಡುವ ಸಂಕೇತ, ಮತ್ತೆ ಚಕಾರ. ಕಂಪ್ಯೂಟರಿನ ಸ್ಮರಣೆಯಲ್ಲಿಯೂ ಅದು ಮೂರು ಸಂಕೇತಗಳಾಗಿಯೇ ಕುಳಿತಿರುತ್ತದೆ. ಪರದೆಯಲ್ಲಿ ಒತ್ತು ಕೊಯ್ದುಹೋದರೂ ಸ್ಮರಣೆಯಲ್ಲಿ ಅದು ಅಕ್ಷತವಾಗಿರುವುದರಿಂದ, ಹುಡುಕಿದರೆ ಉಚ್ಚಿಲ ಸಿಗುತ್ತದೆ, ನಕಲು ಮಾಡಿ ಬೇರೆಡೆ ಅಂಟಿಸಿದರೆ ಉಚ್ಚಿಲವೇ ಬರುತ್ತದೆ, ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶವೂ ಉಚ್ಚಿಲವೆಂದೇ ಉಚ್ಚರಿಸುತ್ತದೆ. ಅವನು ಬರೆದಿಟ್ಟಿದ್ದ ಸ್ವಯಂಚಾಲಿತ ಪರೀಕ್ಷೆಗಳು ಅಕ್ಷರಗಳ ಸರಣಿ ಸರಿಯಿದೆಯೇ ಎಂದು ಕೇಳುತ್ತವೆಯೇ ಹೊರತು, ಅವು ಕಣ್ಣಿಗೆ ಕಾಣುತ್ತವೆಯೇ ಎಂದು ಕೇಳುವುದಿಲ್ಲ. ಆದುದರಿಂದ ಎಲ್ಲವೂ ಹಸಿರು ಗುರುತು ತೋರಿಸಿದ್ದವು.

ಉತ್ತರ ಬರೆಯುವ ಮುನ್ನ, ಅವನು 32ನ್ನು 20 ಮಾಡಿದ್ದೇಕೆಂದು ತಿಳಿಯಬೇಕೆನಿಸಿ ಫೋನು ಮಾಡಿದೆ. ಉದಾಸೀನದಿಂದ ಹಾಗಾಗಿರಲಾರದೆಂಬ ಒಂದು ನಂಬಿಕೆ ನನಗಿತ್ತು. ಕೈ ಹಾಕಿ ಬದಲಾಯಿಸಿದ ಅಂಕೆಯ ಹಿಂದೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ, ಆ ಕಾರಣವನ್ನು ಕೀಳದೆ ಅಂಕೆಯನ್ನಷ್ಟೇ ತಿದ್ದಿಸಿದರೆ ಅದು ಮುಂದಿನ ತಿಂಗಳು ಇನ್ನೊಂದು ಪರದೆಯಲ್ಲಿ ತಲೆಯೆತ್ತುತ್ತದೆ. “ಊರಿನ ಹೆಸರು ಸ್ವಲ್ಪ ಮೇಲೆ, ಟೈಮು ಸ್ವಲ್ಪ ಕೆಳಗೆ ಕಾಣ್ತಾ ಇತ್ತು ಸರ್. ಎರಡನ್ನೂ ಸೆಂಟರ್ ಮಾಡಿದ್ರೂ ಹಾಗೆಯೇ. ಲೈನ್ ಹೈಟ್ ಒಂದು ಮಾಡಿದ ಮೇಲೆ ಸರಿ ಬಂತು” ಎಂದ. ಕಾರಣ ಇದಾಗಿತ್ತು. ಎಡಗಡೆಯ ಊರಿನ ಹೆಸರು ಕನ್ನಡದ ಫಾಂಟಿನಲ್ಲಿ, ಬಲಗಡೆಯ ‘7:40’ ಎಂಬ ವೇಳೆ ರೋಮನ್ ಫಾಂಟಿನಲ್ಲಿ. ಒಂದೊಂದು ಫಾಂಟೂ ಗೆರೆಯ ಮೇಲೆ ಇಷ್ಟು, ಕೆಳಗೆ ಇಷ್ಟು ಎಂದು ತನ್ನದೇ ಜಾಗವನ್ನು ಕಾದಿರಿಸಿಕೊಂಡಿರುತ್ತದೆ. ಆ ಎರಡು ಪೆಟ್ಟಿಗೆಗಳನ್ನು ನಡುಮಧ್ಯಕ್ಕೆ ಸರಿಹೊಂದಿಸಿದರೆ ಪೆಟ್ಟಿಗೆಗಳ ಮಧ್ಯ ಸರಿಹೊಂದುತ್ತದೆ, ಅಕ್ಷರಗಳ ಪಾದ ಸರಿಹೊಂದುವುದಿಲ್ಲ. ಪಂಕ್ತಿಭೋಜನದಲ್ಲಿ ಎತ್ತರದವರೂ ಗಿಡ್ಡರೂ ಒಂದೇ ಚಾಪೆಯ ಮೇಲೆ ಕುಳಿತಂತೆ ಅಕ್ಷರಗಳೂ ಒಂದೇ ಗೆರೆಯ ಮೇಲೆ ಕುಳಿತುಕೊಳ್ಳಬೇಕಾದರೆ, ಹೊಂದಿಸಬೇಕಾದದ್ದು ಮಧ್ಯವನ್ನಲ್ಲ, ಆಧಾರರೇಖೆಯನ್ನು. ಅವನ ಕಣ್ಣು ದೋಷವನ್ನು ಸರಿಯಾಗಿಯೇ ಹಿಡಿದಿತ್ತು. ಕೈಗೆ ಸಿಕ್ಕ ಉಪಕರಣ ಮಾತ್ರ ಬೇರೆಯದಾಗಿತ್ತು.

ಆ ಸಂಜೆ ಬರೆದ ಎರಡನೆಯ ಉತ್ತರ ಇದು.

“ನಮಸ್ಕಾರ. ಮಧ್ಯಾಹ್ನದ ನನ್ನ ಸಂದೇಶದಲ್ಲಿ ಏನು, ಎಲ್ಲಿ ಎಂದು ಹೇಳಿರಲಿಲ್ಲ, ಈಗ ಹೇಳುತ್ತೇನೆ. ಊರುಗಳ ಪಟ್ಟಿಯಲ್ಲಿ ಉಚ್ಚಿಲ, ಪಡುಬಿದ್ರಿ, ಹಿರಿಯಡ್ಕ, ಬ್ರಹ್ಮಾವರ ಈ ಹೆಸರುಗಳ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿದೆ. 360 ಅಗಲದ ಫೋನಿನಲ್ಲಿ, ಅಕ್ಷರ ಹಿಗ್ಗಿಸದೆ ತೆಗೆದ ಚಿತ್ರ ಜೊತೆಗಿದೆ. ವಿನ್ಯಾಸದಲ್ಲಿ ಹೆಸರಿನ ಸಾಲಿನ ಎತ್ತರ 32, ಕಟ್ಟಿದ್ದರಲ್ಲಿ 20. ಕಾಪುವಿನಲ್ಲಿ ಒಬ್ಬರು ಉಚ್ಚಿಲವನ್ನು ಉಚಿಲ ಎಂದು ಓದಿದ್ದರಿಂದ ಇದನ್ನು ಬಿಡುಗಡೆಗೆ ಮೊದಲೇ ಸರಿಪಡಿಸಬೇಕು. ವೇಳೆಯೂ ಹೆಸರೂ ಒಂದೇ ಗೆರೆಯಲ್ಲಿ ಕೂರುತ್ತಿರಲಿಲ್ಲವೆಂದು ನೀವು ಹೇಳಿದ್ದು ಸರಿ; ನನ್ನ ಚಿತ್ರದಲ್ಲಿ ಅದನ್ನು ಕಣ್ಣಳತೆಯಿಂದ ಕೂರಿಸಿದ್ದೆ, ನಿಯಮವಾಗಿ ಬರೆದಿರಲಿಲ್ಲ. ಕೆಳಗಿನಂತೆ ಮಾಡಿದರೆ ಎರಡೂ ಬಗೆಹರಿಯಬೇಕು. ಮೂರು ಚುಕ್ಕೆಗಳ ಸಾಲುಗಳು ಇದ್ದಂತೆಯೇ ಇರಲಿ.”

```css
.stop-row {
  display: flex;
  align-items: baseline;
  padding: 12px 16px;
}
.stop-name {
  font-size: 20px;
  line-height: 1.6;
}
```

“ಸಾಲಿಗೆ 56 ಎಂದು ಎತ್ತರ ಕಟ್ಟಿಹಾಕಿದ್ದನ್ನು ತೆಗೆದುಬಿಡಿ, 32ಕ್ಕೆ ಮೇಲೆ ಕೆಳಗೆ ಹನ್ನೆರಡು ಸೇರಿ 56 ತಾನಾಗಿಯೇ ಬರುತ್ತದೆ, ಯಾರಾದರೂ ಫೋನಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ ಸಾಲೂ ಬೆಳೆಯುತ್ತದೆ. ಹೋಗಿಬಿಟ್ಟ ಬಸ್ಸುಗಳ ಬೂದುಬಣ್ಣ `#999999` ಆಗಿದೆ, `#767676` ಬೇಕು. ಸಾಲುಗಳ ಎಡಬದಿಯ ಚಿಹ್ನೆಗೂ ಹೆಸರಿಗೂ ನಡುವೆ 16ರ ಬದಲು 12 ಬಿಟ್ಟಿದ್ದೀರಿ; ಅದು ಹಾಗೆಯೇ ಇರಲಿ, ನಾನು ಚಿತ್ರವನ್ನು ತಿದ್ದಿಕೊಳ್ಳುತ್ತೇನೆ. ಮೇಲಿನ ನಾಲ್ಕು ಗುಂಡಿಗಳನ್ನು ಎರಡು ಸಾಲಾಗಿ ಮುರಿದದ್ದು ನನಗಿಂತ ನಿಮಗೇ ಚೆನ್ನಾಗಿ ಹೊಳೆದದ್ದು, ಅದೂ ಇರಲಿ. ಸಂದೇಹವಿದ್ದರೆ ರಾತ್ರಿ ಒಂಬತ್ತರವರೆಗೆ ಫೋನು ಮಾಡಬಹುದು.”

ಬೂದುಬಣ್ಣದ ವಿಷಯವನ್ನು ಪತ್ರದಲ್ಲಿ ಒಂದೇ ವಾಕ್ಯಕ್ಕೆ ಮುಗಿಸಿದ್ದು, ಅಲ್ಲಿ ವಾದಕ್ಕೆ ಅವಕಾಶವೇ ಇಲ್ಲದ್ದರಿಂದ. ಬಿಳಿಯ ಮೇಲೆ ಅಕ್ಷರ ಎಷ್ಟು ಎದ್ದುಕಾಣುತ್ತದೆಂಬುದನ್ನು ಲೆಕ್ಕಹಾಕುವ ಅಂತಾರಾಷ್ಟ್ರೀಯ ಕ್ರಮವೊಂದಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು 4.5ಕ್ಕೆ 1ರ ಅನುಪಾತವನ್ನಾದರೂ ಅಪೇಕ್ಷಿಸುತ್ತದೆ. ನಾನು ಕೊಟ್ಟ ಬೂದು 4.54, ಅಂದರೆ ಹೊಸ್ತಿಲನ್ನು ಕಷ್ಟದಿಂದ ದಾಟಿದ್ದು. ಅವನು ಹಾಕಿದ್ದು 2.85. ಹವಾನಿಯಂತ್ರಿತ ಕೋಣೆಯಲ್ಲಿ ಎರಡರ ವ್ಯತ್ಯಾಸ ಒಂದು ರುಚಿಯ ಪ್ರಶ್ನೆಯಂತೆ ತೋರುತ್ತದೆ. ಕಾಪುವಿನ ನಿಲ್ದಾಣದಲ್ಲಿ, ಫೋನಿನ ಗಾಜಿನ ಮೇಲೆ ಆಕಾಶವೇ ಪ್ರತಿಬಿಂಬಿಸುತ್ತಿದ್ದಾಗ, ಹೋಗಿಬಿಟ್ಟ ಬಸ್ಸಿನ ವೇಳೆ ಪರದೆಯಿಂದಲೂ ಹೋಗಿಬಿಟ್ಟಿತ್ತು.

12 ಮತ್ತು 16ರ ಬಗ್ಗೆ ನನ್ನ ಕೆಲವು ಸಹೋದ್ಯೋಗಿಗಳು ಒಪ್ಪಲಾರರು. ಒಪ್ಪಿಗೆಯಾದದ್ದೆಂದರೆ ಒಪ್ಪಿಗೆಯಾದದ್ದು, ಒಂದು ಅಂತರವನ್ನು ಬಿಟ್ಟುಕೊಟ್ಟರೆ ಮುಂದೆ ಎಲ್ಲವೂ ಸಡಿಲವಾಗುತ್ತದೆ ಎಂಬುದು ಅವರ ವಾದ. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯ ಎದುರು ನಿಂತಾಗ ನನಗೂ ಆ ಆಸೆ ಹುಟ್ಟುವುದುಂಟು: ನಾಲ್ಕು ದಿಕ್ಕುಗಳಿಂದ ಯಾವ ಬಾಗಿಲಿಗೆ ಬಂದರೂ ಅದೇ ಕಂಬಸಾಲು, ಅದೇ ಮುಖ. ಆದರೆ ಆ ಬಸದಿ ಒಂದೇ ಬಂಡೆಯ ನೆತ್ತಿಯ ಮೇಲೆ ನಿಂತಿದೆ. ನಮ್ಮ ಪರದೆಯಾದರೋ ಕಿರಿದಾದ ಹಳೆಯ ಫೋನಿನಿಂದ ಅಗಲವಾದ ಹೊಸದರವರೆಗೆ ನೂರಾರು ಬಂಡೆಗಳ ಮೇಲೆ ನಿಲ್ಲಬೇಕು. ನಾನು ನಾಲ್ಕು ಗುಂಡಿಗಳನ್ನು ಒಂದೇ ಸಾಲಿನಲ್ಲಿ ಬರೆದದ್ದು ನನ್ನ ಅಗಲವಾದ ಪರದೆಯನ್ನು ನಂಬಿ. 360ರ ಅಗಲದಲ್ಲಿ ‘ಹಿಂತಿರುಗುವ ಬಸ್ಸುಗಳು’ ಎಂಬ ಗುಂಡಿ ಎಂದಿಗೂ ಹಿಡಿಸುತ್ತಿರಲಿಲ್ಲ. ಅಲ್ಲಿ ವಿನ್ಯಾಸದಿಂದ ದೂರ ಸರಿದವನೇ ವಿನ್ಯಾಸವನ್ನು ಉಳಿಸಿದ್ದ. ಇಂಥದನ್ನು ಉತ್ತರದಲ್ಲಿ ಬರೆದು ಒಪ್ಪಿಕೊಳ್ಳದೆ ಸುಮ್ಮನೆ ಬಿಟ್ಟರೆ, ಆರು ತಿಂಗಳ ಅನಂತರ ಮೂರನೆಯವನೊಬ್ಬ ಬಂದು, ಹಳೆಯ ಚಿತ್ರವನ್ನೂ ಪರದೆಯನ್ನೂ ಹೋಲಿಸಿ, ಸರಿಯಾದದ್ದನ್ನು ತಪ್ಪೆಂದು ತಿದ್ದುತ್ತಾನೆ. ಆದಕಾರಣ ಆ ರಾತ್ರಿಯೇ ಮೂಲ ಚಿತ್ರದಲ್ಲಿ ಎರಡನ್ನೂ ಬದಲಿಸಿ, ದಿನಾಂಕ ಹಾಕಿದೆ.

ಮರುದಿನ ಬೆಳಿಗ್ಗೆ ಅವನ ಚಿತ್ರ ಬಂತು. ಉಚ್ಚಿಲಕ್ಕೆ ಒತ್ತು ಬಂದಿತ್ತು, ಪಕ್ಕದ ವೇಳೆ ಅದೇ ಗೆರೆಯ ಮೇಲೆ ಕುಳಿತಿತ್ತು. ಕೆಳಗೆ ಒಂದು ಸಾಲು: “ಕಡಿಮೆ ಬದಲಾವಣೆಯಲ್ಲಿ ಮುಗಿಸಲು ಮೊದಲು `padding-bottom` ಕೊಟ್ಟು ನೋಡಿದೆ ಸರ್, ಒತ್ತು ಕಾಣಿಸಿತು. ಆದರೆ ವಿವರದ ಪುಟದಲ್ಲಿ ಹೆಸರು ಎರಡು ಸಾಲಿಗೆ ಹೋದಾಗ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತಿತ್ತು. ಹಾಗಾಗಿ ನೀವು ಹೇಳಿದ 1.6 ಹಾಕಿದೆ.” ಇದು ನಾನು ಪತ್ರದಲ್ಲಿ ಬರೆಯಬೇಕಾಗಿದ್ದು, ಮರೆತಿದ್ದೆ. ಮರೆಮಾಡುವ ಅಂಚು ಬಿಡುವಿನ ಹೊರಗಡೆ ಇರುವುದರಿಂದ, ಕೆಳಗೆ ಬಿಡುವು ಕೊಟ್ಟರೆ ಒಂದೇ ಸಾಲಿನ ಹೆಸರಿನಲ್ಲಿ ಒತ್ತು ಬದುಕಿಕೊಳ್ಳುತ್ತದೆ. ಸಾಲುಗಳು ಎರಡಾದಾಗ ಅವುಗಳ ನಡುವಿನ ಇಕ್ಕಟ್ಟು ಹಾಗೆಯೇ ಉಳಿಯುತ್ತದೆ.

ಅದರ ಜೊತೆಗೆ ಪರೀಕ್ಷೆಗೆಂದು ಅವನೇ ಬರೆದುಕೊಂಡ ಊರುಗಳ ಪಟ್ಟಿಯೂ ಇತ್ತು. ಹಿರಿಯಡ್ಕ ಮೊದಲು, ಆಮೇಲೆ ಉಚ್ಚಿಲ, ಪಡುಬಿದ್ರಿ, ಉದ್ಯಾವರ, ಬ್ರಹ್ಮಾವರ, ಕಲ್ಯಾಣಪುರ. ಕಟ್ಟಕಡೆಗೆ, ಯಾವ ಬಸ್ಸೂ ನಿಲ್ಲದ ‘ರಾಷ್ಟ್ರೀಯ ಶಾಸ್ತ್ರಿ ಸ್ತ್ರೀ’ ಎಂಬ ಒಂದು ನಿಲ್ದಾಣ. ನಾನು ನನ್ನ ಚಿತ್ರವನ್ನು ತೆರೆದು, ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳನ್ನು ಅಳಿಸಿ, ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಹಾಗೆಯೇ ಅಲ್ಲಿ ಅಂಟಿಸಿದೆ.